ಶೇಕಡಾ 75 ಅಂದರೆ ಎಷ್ಟು?

ಕಳೆದ ವಾರ ಒಂದು ಕಾಲೇಜಿನ ಸಮಾರಂಭದಲ್ಲಿ ಮಾತಾಡಲು ಕರೆದಿದ್ದರು. ಕೊಟ್ಟಿದ್ದ ಸಮಯ ಹತ್ತು ನಿಮಿಷ. ಕೊಟ್ಟಿದ್ದ ವಿಷಯ, ಕಂಪ್ಯೂಟರ್ ಮಾಡುವ ತೀರ್ಮಾನಗಳಲ್ಲಿ ನ್ಯಾಯ. ಹತ್ತು ನಿಮಿಷದಲ್ಲಿ ನ್ಯಾಯದ ಬಗ್ಗೆ ಮಾತಾಡಲು ಹೊರಟರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಯಾರಿಗೂ ಏನೂ ನೆನಪಿರುವುದಿಲ್ಲ. ಹಾಗಾಗಿ ನಾನು ನ್ಯಾಯದ ಸುದ್ದಿಗೇ ಹೋಗಲಿಲ್ಲ. ಒಬ್ಬ ಹುಡುಗಿಯ ಹಾಜರಾತಿಯ ಲೆಕ್ಕ ಹೇಳಿದೆ. ಅಲ್ಲಿ ಹೇಳಿದ್ದು, ಹೇಳಬೇಕೆಂದಿದ್ದು ಸಮಯ ಸಾಲದೆ ಬಿಟ್ಟದ್ದು, ಭಾಷಣ ಮುಗಿದ ಮೇಲೆ ನಡೆದದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಕಾಲೇಜಿಗೆ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೆಲಸ ಸುಲಭದ್ದು. ಪ್ರತಿ ವಿದ್ಯಾರ್ಥಿಯ ಹಾಜರಾತಿ ನೋಡಬೇಕು, ಶೇಕಡಾ 75 ಇದ್ದರೆ ಪರೀಕ್ಷೆಗೆ ಅರ್ಹ, ಇಲ್ಲದಿದ್ದರೆ ಅರ್ಹರಲ್ಲ. ಮೊದಲು ಇದನ್ನು ಕಚೇರಿಯವರು ಕೈಯಲ್ಲಿ ಮಾಡುತ್ತಿದ್ದರು, ಹದಿನೈದು ದಿನ ಹಿಡಿಯುತ್ತಿತ್ತು. ನನ್ನ ಪ್ರೋಗ್ರಾಂ ಒಂದು ನಿಮಿಷದೊಳಗೆ ಮುಗಿಸಿತು. ನನಗೆ ಒಳಗೊಳಗೇ ಹೆಮ್ಮೆ.

ಪಟ್ಟಿ ಹೊರಬಿದ್ದ ಮಾರನೆಯ ದಿನ ನಾನು ಆ ಕಚೇರಿಯಲ್ಲೇ ಇದ್ದೆ. ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಅವಳ ಹೆಸರು, ನೋಂದಣಿ ಸಂಖ್ಯೆ, ಅದರ ಮುಂದೆ ಒಂದೇ ಪದ: ಅರ್ಹರಲ್ಲ. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. "ಎಷ್ಟು ಕಡಿಮೆ ಬಿದ್ದಿದೆ ಸರ್?" ಅಂತ ಕೇಳಿದಳು. ಕಚೇರಿಯವರು ತಮ್ಮ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ತೆರೆದರು. ಅವಳ ಹೆಸರಿನ ಮುಂದೆ 75 ಅಂತ ಇತ್ತು.

ಅವರು ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ.

ಎಕ್ಸೆಲ್ ತಪ್ಪಿರಲಿಲ್ಲ. ಆ ಕಾಲಂನಲ್ಲಿ ದಶಮಾಂಶ ಕಾಣದ ಹಾಗೆ ಯಾರೋ ಹೊಂದಿಸಿಟ್ಟಿದ್ದರು. ಒಳಗಿದ್ದ ಸಂಖ್ಯೆ 74.63. ಕಣ್ಣಿಗೆ ಕಾಣುತ್ತಿದ್ದದ್ದು 75. ನನ್ನ ಪ್ರೋಗ್ರಾಂ ದಶಮಾಂಶದ ನಂತರದ್ದನ್ನು ಸುಮ್ನೆ ಕತ್ತರಿಸಿ ಹಾಕಿ 74 ಅಂತ ಇಟ್ಟುಕೊಂಡಿತ್ತು. ಒಂದೇ ಹುಡುಗಿ, ಒಂದೇ ಲೆಕ್ಕ, ಒಂದು ಪರದೆಯಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಹಾಗಾದರೆ ನಿಯಮ ಏನು ಹೇಳುತ್ತದೆ? ಫೈಲು ತರಿಸಿದೆವು. ನಿಯಮದಲ್ಲಿದ್ದದ್ದು ಎರಡೇ ವಾಕ್ಯ:

> ಪರೀಕ್ಷೆಗೆ ಕೂರಲು ಕನಿಷ್ಠ ಶೇಕಡಾ 75 ಹಾಜರಾತಿ ಇರತಕ್ಕದ್ದು. ವೈದ್ಯಕೀಯ ಕಾರಣದಿಂದ ತಪ್ಪಿದ ತರಗತಿಗಳನ್ನು ಪರಿಗಣಿಸಲಾಗುವುದು.

ಈ "ಪರಿಗಣಿಸಲಾಗುವುದು" ಅನ್ನುವ ಪದವನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅಂತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪರಿಗಣಿಸುವುದು ಅಂದರೆ ಏನು ಮಾಡುವುದು?

ಆ ಹುಡುಗಿಯ ಲೆಕ್ಕವನ್ನೇ ನೋಡಿ. ಒಟ್ಟು 140 ತರಗತಿ. ಬಂದದ್ದು 100. ಕಾಯಿಲೆ ಬಿದ್ದು ತಪ್ಪಿಸಿಕೊಂಡದ್ದು 6, ಅದಕ್ಕೆ ವೈದ್ಯರ ಪತ್ರ ಕೊಟ್ಟಿದ್ದಳು. ಕಾಯಿಲೆಯ ಮಾತೇ ಇಲ್ಲದಿದ್ದರೆ 140ಕ್ಕೆ 100, ಅಂದರೆ 71.43. ಸ್ಪಷ್ಟವಾಗಿ ಕಡಿಮೆ.

ಈಗ ಕಾಯಿಲೆಯ ಆ ಆರು ತರಗತಿಗೆ ಅವಳು ಬಂದಿದ್ದಳು ಅಂತಲೇ ಲೆಕ್ಕ ಹಿಡಿಯೋಣ. 140ಕ್ಕೆ 106, ಅಂದರೆ 75.71. ಅರ್ಹಳು. ಅದರ ಬದಲು ಆ ಆರು ತರಗತಿ ಅವಳ ಪಾಲಿಗೆ ನಡೆದೇ ಇಲ್ಲ ಅಂತ ಹಿಡಿಯೋಣ. ಆಗ 134ಕ್ಕೆ 100, ಅಂದರೆ 74.63. ಅರ್ಹಳಲ್ಲ. ಎರಡೂ "ಪರಿಗಣಿಸುವುದೇ". ಎರಡರಲ್ಲೂ ಕಾಯಿಲೆ ಬಿದ್ದವರ ಮೇಲೆ ಕನಿಕರ ಇದೆ. ಆದರೆ ಒಂದರಲ್ಲಿ ಅವಳು ಪರೀಕ್ಷೆ ಬರೆಯುತ್ತಾಳೆ, ಇನ್ನೊಂದರಲ್ಲಿ ಮನೆಯಲ್ಲಿ ಕೂರುತ್ತಾಳೆ.

ನಾನು ಪ್ರೋಗ್ರಾಂನಲ್ಲಿ ಎರಡನೆಯದನ್ನು ಬರೆದಿದ್ದೆ. ಯಾಕೆ? ಯಾರೂ ಹೇಳಿರಲಿಲ್ಲ. ಅವತ್ತು ಕೀಬೋರ್ಡಿನ ಮುಂದೆ ಕೂತಾಗ ನನಗೆ ಹಾಗೆ ಸರಿ ಅನ್ನಿಸಿತ್ತು, ಅಷ್ಟೇ. ದಶಮಾಂಶ ಕತ್ತರಿಸಿದ್ದೂ ಹಾಗೆಯೇ. ಎರಡೂ ಸೇರಿ ನನ್ನ ಮೂರು ಸಾಲು ಕೋಡ್ ಒಂದು ಕಾಲೇಜಿನ ನಿಯಮ ಆಗಿ ಕೂತಿತ್ತು. ಪ್ರಾಂಶುಪಾಲರು ಸಹಿ ಹಾಕದ ನಿಯಮ.

ಸಮಾರಂಭದಲ್ಲಿ ಹುಡುಗರಿಗೆ ನಾನು ಒತ್ತಿ ಹೇಳಲು ಬಯಸಿದ್ದು ಇದನ್ನೇ. ಬರೆದ ನಿಯಮದಲ್ಲಿ ಸಂದು ಇದ್ದರೆ ಕಂಪ್ಯೂಟರ್ ಅಲ್ಲಿ ನಿಲ್ಲುವುದಿಲ್ಲ. ಮನುಷ್ಯ ಗುಮಾಸ್ತ ಆದರೆ ಪೆನ್ನು ಕೆಳಗಿಟ್ಟು "ಇದನ್ನು ಏನು ಮಾಡೋದು ಸರ್?" ಅಂತ ಮೇಲಿನವರನ್ನು ಕೇಳುತ್ತಾನೆ. ಪ್ರೋಗ್ರಾಂ ಕೇಳುವುದಿಲ್ಲ, ಯಾಕೆಂದರೆ ಅದನ್ನು ಬರೆಯುವಾಗಲೇ ಯಾರೋ ಒಬ್ಬರು ಆ ಸಂದನ್ನು ತಮಗೆ ತೋಚಿದ ಹಾಗೆ ಮುಚ್ಚಿರುತ್ತಾರೆ. ಮುಚ್ಚಿದ್ದು ಹೊರಗೆ ಕಾಣುವುದೂ ಇಲ್ಲ. ಕೈಯಲ್ಲಿ ಮಾಡುವಾಗ ಒಬ್ಬ ಗುಮಾಸ್ತ ತಪ್ಪು ಮಾಡಿದರೆ ಅವತ್ತಿನ ನಾಲ್ಕು ಅರ್ಜಿಗೆ ತಪ್ಪಾಗುತ್ತದೆ. ಇಲ್ಲಿ ಎಲ್ಲರಿಗೂ ಒಂದೇ ತಪ್ಪು, ಒಂದೇ ನಿಮಿಷದಲ್ಲಿ.

ಕಥೆ ಇನ್ನೂ ಇದೆ. ಅವಳ ಹಾಜರಿ ಪುಸ್ತಕವನ್ನು ಪುಟ ಪುಟ ತಿರುವಿ ನೋಡಿದಾಗ ಮೂರು ದಿನದ ಅಂಕಣ ಖಾಲಿ ಇತ್ತು. ಅವಳದ್ದು ಮಾತ್ರ ಅಲ್ಲ, ಇಡೀ ತರಗತಿಯದ್ದು. ಹಾಜರಿ ಹಾಕಿಲ್ಲ. ಕ್ಲಾಸ್ ನಡೆದಿತ್ತೋ ಇಲ್ಲವೋ ಯಾರಿಗೂ ನೆನಪಿಲ್ಲ. ವೇಳಾಪಟ್ಟಿಯಲ್ಲಿ ಇದ್ದದ್ದರಿಂದ 140ರಲ್ಲಿ ಆ ಮೂರೂ ಸೇರಿದ್ದವು. ನನ್ನ ಪ್ರೋಗ್ರಾಂ ಖಾಲಿ ಇದ್ದದ್ದನ್ನು ಸೊನ್ನೆ ಅಂತ ಓದಿತ್ತು. ಸೊನ್ನೆ ಅಂದರೆ ಗೈರು. ಹಾಜರಿ ಗುರುತೇ ಇಲ್ಲದ ಆ ಮೂರನ್ನೂ 134ರಿಂದ ಬಿಟ್ಟರೆ 131ಕ್ಕೆ 100. 76.34. ಅರ್ಹಳು, ಅದೂ ನಾನು ಬರೆದಿದ್ದ ಎರಡನೆಯ ಲೆಕ್ಕದಲ್ಲೇ.

ಈ ಕ್ಷೇತ್ರದಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನನಗೆ ಅನ್ನಿಸಿರುವುದು, ಜಾಸ್ತಿ ಅನ್ಯಾಯ ಆಗುವುದು ಖಾಲಿ ಬಿಟ್ಟ ಜಾಗದಲ್ಲಿ. ದೊಡ್ಡ ಸೂತ್ರಗಳನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಾರೆ. ಮಾಹಿತಿ ಇಲ್ಲದಿದ್ದರೆ ಏನು ಅಂತ ಯಾರೂ ಬರೆದಿರುವುದಿಲ್ಲ. ಕಂಪ್ಯೂಟರಿಗೆ "ಗೊತ್ತಿಲ್ಲ" ಅನ್ನುವುದನ್ನು ಬೇರೆಯಾಗಿ ಕಲಿಸಬೇಕು. ಕಲಿಸದಿದ್ದರೆ ಗೊತ್ತಿಲ್ಲ ಅನ್ನುವುದು ಇಲ್ಲ ಆಗುತ್ತದೆ, ಬರೆದಿಲ್ಲ ಅನ್ನುವುದು ಬಂದಿಲ್ಲ ಆಗುತ್ತದೆ. ಮರೆತವರು ಮೇಷ್ಟ್ರು, ಗೈರಾದವಳು ಹುಡುಗಿ.

ಸಭೆಯಲ್ಲಿ ಇಲ್ಲಿಗೆ ನಿಲ್ಲಿಸಿ ಆಸ್ಟ್ರೇಲಿಯಾಕ್ಕೆ ಹೋದೆ. ಇದು ಒಂದು ಕಾಲೇಜಿನ ಸಣ್ಣ ಎಡವಟ್ಟು ಅಂತ ಯಾರಾದರೂ ಅಂದುಕೊಂಡಾರು ಅಂತ.

ಅಲ್ಲಿನ ಸರ್ಕಾರ ಕೆಲಸ ಇಲ್ಲದವರಿಗೆ, ಓದುತ್ತಿರುವವರಿಗೆ ಎರಡು ವಾರಕ್ಕೊಮ್ಮೆ ಭತ್ಯೆ ಕೊಡುತ್ತದೆ. ಆ ಎರಡು ವಾರದಲ್ಲಿ ನೀವು ದುಡಿದದ್ದು ಎಷ್ಟು ಅನ್ನುವುದರ ಮೇಲೆ ಭತ್ಯೆ ಎಷ್ಟು ಅಂತ ನಿರ್ಧಾರ. ಯಾರು ತಪ್ಪು ಲೆಕ್ಕ ಕೊಟ್ಟು ಜಾಸ್ತಿ ತೆಗೆದುಕೊಂಡಿದ್ದಾರೆ ಅಂತ ಹಿಡಿಯಲು ಒಂದು ಯೋಜನೆ ತಂದರು. 2016ರಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಜನ ಅದಕ್ಕೆ ಇಟ್ಟ ಹೆಸರು ರೋಬೋಡೆಟ್, ಯಂತ್ರ ಹೊರಿಸಿದ ಸಾಲ ಅನ್ನುವ ಅರ್ಥದಲ್ಲಿ. ತೆರಿಗೆ ಇಲಾಖೆಯ ಹತ್ತಿರ ಪ್ರತಿಯೊಬ್ಬರ ವರ್ಷದ ಆದಾಯ ಇತ್ತು. ಎರಡೆರಡು ವಾರದ ಲೆಕ್ಕ ಇರಲಿಲ್ಲ. ಹಾಗಾಗಿ ವರ್ಷದ ಆದಾಯವನ್ನು ಸರಾಸರಿ ಮಾಡಿ ಎಲ್ಲ ವಾರಗಳಿಗೂ ಸಮನಾಗಿ ಹಂಚಿಬಿಟ್ಟರು.

ಒಂದು ಲೆಕ್ಕ ಹಾಕಿ ನೋಡೋಣ, ಸಂಖ್ಯೆ ನನ್ನದು. ಒಬ್ಬರು ವರ್ಷದಲ್ಲಿ 26,000 ಡಾಲರ್ ದುಡಿದಿದ್ದಾರೆ. ಮೊದಲ ಆರು ತಿಂಗಳು ಕೆಲಸ ಇತ್ತು, ಎರಡು ವಾರಕ್ಕೆ 2,000ದಂತೆ 13 ಸಲ ಸಂಬಳ ಬಂತು. ಉಳಿದ ಆರು ತಿಂಗಳು ಕೆಲಸ ಇಲ್ಲ, ಆದಾಯ ಸೊನ್ನೆ. ಆಗ ಭತ್ಯೆ ತೆಗೆದುಕೊಂಡರು. ಸೊನ್ನೆ ಅಂತಲೇ ಬರೆದುಕೊಟ್ಟರು. ಎಲ್ಲ ಸರಿಯಾಗಿದೆ. ಈಗ 26,000ವನ್ನು 26ರಿಂದ ಭಾಗಿಸಿ. ಎರಡು ವಾರಕ್ಕೆ 1,000 ಆಯಿತು. ಪ್ರೋಗ್ರಾಂ ಹೇಳುತ್ತದೆ, "ನಿಮಗೆ ಆ 13 ಸಲವೂ ಸಾವಿರ ಸಾವಿರ ಬಂದಿತ್ತು, ನೀವು ಸೊನ್ನೆ ಅಂದಿದ್ದೀರಿ." ವ್ಯಕ್ತಿ ಸತ್ಯ ಹೇಳಿದ್ದಾರೆ. ಸರಾಸರಿ ಅವರನ್ನು ಸುಳ್ಳುಗಾರರನ್ನಾಗಿ ಮಾಡಿತು. ಮನೆಗೆ ಪತ್ರ ಹೋಯಿತು. ತಪ್ಪಿಲ್ಲ ಅಂತಾದರೆ ಹಳೆಯ ಸಂಬಳದ ಚೀಟಿ ತಂದು ನೀವೇ ತೋರಿಸಿ ಅಂತ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅಲ್ಲಿ ನಿಯಮ ನಮ್ಮ ಕಾಲೇಜಿನ ಹಾಗೆ ಮಂಜುಮಂಜಾಗಿ ಇರಲಿಲ್ಲ. ಕಾನೂನು ಕಡ್ಡಿ ಮುರಿದ ಹಾಗೆ ಹೇಳಿತ್ತು, ಲೆಕ್ಕ ಹಿಡಿಯಬೇಕಾದ್ದು ಆಯಾ ಎರಡು ವಾರದ ಆದಾಯ. ಪ್ರೋಗ್ರಾಂ ಅದನ್ನು ಪಾಲಿಸಲಿಲ್ಲ. ಹಾಗಾದರೆ ಬರೆದು ಏನು ಬಂತು ಅಂತ ಕೇಳಬಹುದು. ಬಂತು. 2019ರ ನವೆಂಬರಿನಲ್ಲಿ ಒಬ್ಬರ ಪ್ರಕರಣ ಫೆಡರಲ್ ಕೋರ್ಟಿಗೆ ಬಂದಾಗ, ಬರೀ ಸರಾಸರಿಯ ಮೇಲೆ ಹೊರಿಸಿದ ಆ ಸಾಲಕ್ಕೆ ಕಾನೂನಿನ ಆಧಾರ ಇಲ್ಲ ಅಂತ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಯಾರೂ ಪ್ರೋಗ್ರಾಂ ಬಿಚ್ಚಿ ಕೋಡ್ ಓದಬೇಕಾಗಿ ಬರಲಿಲ್ಲ. ಒಂದು ಕಡೆ ಕಾನೂನಿನ ಸಾಲು, ಇನ್ನೊಂದು ಕಡೆ ಲೆಕ್ಕ ಮಾಡಿದ ರೀತಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕಿತ್ತು. 2020ರ ಮೇ ತಿಂಗಳಲ್ಲಿ ಸುಮಾರು 4,70,000 ಸಾಲಗಳಿಗೆ ಸಂಬಂಧಿಸಿ 72.1 ಕೋಟಿ ಡಾಲರ್ ವಾಪಸು ಕೊಡುವುದಾಗಿ ಸರ್ಕಾರ ಹೇಳಿತು. 2023ರ ಜುಲೈನಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟು, ಇಡೀ ಯೋಜನೆ ನ್ಯಾಯವೂ ಅಲ್ಲ ಕಾನೂನುಬದ್ಧವೂ ಅಲ್ಲ ಅಂದಿತು.

ಮೂರು ವರ್ಷ ಹಿಡಿಯಿತು ನಿಲ್ಲಿಸಲು, ಅದು ಬೇರೆ ಮಾತು. ಬರೆದ ನಿಯಮ ತಾನಾಗಿಯೇ ಎದ್ದು ಬಂದು ಯಾರನ್ನೂ ಕಾಪಾಡುವುದಿಲ್ಲ. ಯಾರೋ ಅದನ್ನು ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತಬೇಕು. ಆದರೆ ನಮ್ಮ ಕಾಲೇಜಿನ ಹುಡುಗಿಗೆ ಹಿಡಿದುಕೊಳ್ಳಲು ಏನಿತ್ತು? "ಪರಿಗಣಿಸಲಾಗುವುದು." ಪರಿಗಣಿಸಿದ್ದೇವೆ ತಾಯಿ, ಹೋಗು ಅಂದರೆ ಮುಗಿಯಿತು.

ಅವಳ ವಿಷಯಕ್ಕೆ ಮತ್ತೆ ಬರುತ್ತೇನೆ. ಅವತ್ತು ಸಂಜೆ ಪ್ರಾಂಶುಪಾಲರು, ಪರೀಕ್ಷಾ ವಿಭಾಗದ ಮುಖ್ಯಸ್ಥರು, ಒಬ್ಬ ಹಿರಿಯ ಉಪನ್ಯಾಸಕರು ಸೇರಿದರು. ನಾನು ಪ್ರೋಗ್ರಾಂನ ಮಾತೇ ಎತ್ತಲಿಲ್ಲ. ಮೂವರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟೆ. ಅವಳ ಹೆಸರು ಹೇಳದೆ ಸಂಖ್ಯೆಗಳನ್ನು ಮಾತ್ರ ಕೊಟ್ಟೆ. 140 ತರಗತಿ, 100 ಹಾಜರಿ, 6 ಕಾಯಿಲೆ, 3 ಖಾಲಿ. ಒಬ್ಬರದ್ದು ಇನ್ನೊಬ್ಬರು ನೋಡದೆ ಶೇಕಡಾ ಎಷ್ಟು ಅಂತ ಬರೆಯಿರಿ ಅಂದೆ.

ಮೂರು ಹಾಳೆ, ಮೂರು ಉತ್ತರ. ಒಬ್ಬರು 75.71 ಬರೆದಿದ್ದರು. ಒಬ್ಬರು 74.63. ಉಪನ್ಯಾಸಕರು 76.34 ಬರೆದು, ಅದರ ಕೆಳಗೆ "ಖಾಲಿ ಬಿಟ್ಟದ್ದು ನಮ್ಮ ತಪ್ಪು" ಅಂತ ಸೇರಿಸಿದ್ದರು. ಮೂವರೂ ಒಳ್ಳೆಯವರು. ಮೂವರಿಗೂ ಆ ಎರಡು ಸಾಲು ಬಾಯಿಪಾಠ. ಇಷ್ಟು ವರ್ಷ ತಾವು ಒಂದೇ ನಿಯಮ ಪಾಲಿಸುತ್ತಿದ್ದೇವೆ ಅಂದುಕೊಂಡಿದ್ದರು. ಅಂದರೆ ಕೈಲೆಕ್ಕದ ಕಾಲದಲ್ಲೂ ಯಾರ ಮೇಜಿನ ಮೇಲೆ ಫೈಲು ಬಿತ್ತು ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಯಾರೂ ಬೇಕಂತ ಮಾಡಿದ್ದಲ್ಲ.

ಆಮೇಲೆ ಎರಡು ಗಂಟೆ ಚರ್ಚೆ ನಡೆಯಿತು. ಜೋರು ಜೋರಾಗಿಯೇ ನಡೆಯಿತು. ಕಾಯಿಲೆ ಬಿದ್ದವರನ್ನು ಹಾಜರು ಅಂತ ಬರೆಯುವುದು ಸುಳ್ಳು ಬರೆದ ಹಾಗೆ ಅಂತ ಒಬ್ಬರ ವಾದ. ಬಿಟ್ಟು ಲೆಕ್ಕ ಹಾಕೋಣ ಅಂತ ಅವರು. ನನಗೆ ಯಾವ ಪಕ್ಷವೂ ಇರಲಿಲ್ಲ. ಯಾವುದಾದರೂ ಒಂದು ಬರೆಯಿರಿ ಅನ್ನುವುದಷ್ಟೇ ನನ್ನ ಹಟ. ಕೊನೆಗೆ ಬರೆದದ್ದು ಹೀಗಿತ್ತು:

> ಹಾಜರಿ ಗುರುತು ಹಾಕಿರುವ ತರಗತಿಯನ್ನು ಮಾತ್ರ ನಡೆದ ತರಗತಿ ಎಂದು ಎಣಿಸಬೇಕು. ವೈದ್ಯರ ಪತ್ರ ಕೊಟ್ಟಿರುವ ತರಗತಿಗಳನ್ನು ನಡೆದ ತರಗತಿಗಳಿಂದ ಕಳೆಯಬೇಕು, ಹಾಜರಿಗೆ ಕೂಡಿಸಬಾರದು. ಶೇಕಡಾ ಸಂಖ್ಯೆಯನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಸಬಾರದು. 75 ಇದ್ದರೆ ಅರ್ಹ, 74.99 ಇದ್ದರೆ ಅರ್ಹರಲ್ಲ.

ಓದಲು ಇದೇನೂ ಚಂದ ಇಲ್ಲ. ಮೊದಲಿನ ಎರಡು ವಾಕ್ಯದ ಗಾಂಭೀರ್ಯ ಇದಕ್ಕಿಲ್ಲ. ಆದರೆ ಈ ನಾಲ್ಕು ಸಾಲು ಇಟ್ಟುಕೊಂಡು ಯಾರು ಲೆಕ್ಕ ಹಾಕಿದರೂ ಒಂದೇ ಉತ್ತರ ಬರುತ್ತದೆ. ನಿಯಮದ ಜೊತೆಗೆ ಇನ್ನೊಂದು ಹಾಳೆ ಸೇರಿಸಿದೆವು. ಅದರಲ್ಲಿ ಹತ್ತು ಮಂದಿ ಕಾಲ್ಪನಿಕ ವಿದ್ಯಾರ್ಥಿಗಳು. ಸರಿಯಾಗಿ 75 ಇರುವವರು ಒಬ್ಬರು, ಒಂದೇ ತರಗತಿ ಕಡಿಮೆ ಇರುವವರು ಒಬ್ಬರು, ನಡುವೆ ಬಂದು ಸೇರಿದವರು ಒಬ್ಬರು, ಹೀಗೆ. ಪ್ರತಿಯೊಬ್ಬರ ಮುಂದೆ ಉತ್ತರ ಏನು ಬರಬೇಕು ಅಂತ ಕೈಯಲ್ಲೇ ಬರೆದು ಮೂವರೂ ಸಹಿ ಹಾಕಿದರು. ನನ್ನ ಪ್ರೋಗ್ರಾಂ ಮೊದಲು ಆ ಹತ್ತು ಮಂದಿಗೆ ಸರಿ ಉತ್ತರ ಕೊಡಬೇಕು, ಆಮೇಲೆಯೇ ನಿಜವಾದ ಪಟ್ಟಿ. ನನ್ನ ಮಟ್ಟಿಗೆ ನಿಯಮದಷ್ಟೇ ಬೆಲೆಯುಳ್ಳದ್ದು ಆ ಎರಡನೆಯ ಹಾಳೆ. ನಿಯಮ ಓದುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಉದಾಹರಣೆಗೆ ಉತ್ತರ ಬರೆ ಅಂದಾಗಲೇ ಭಿನ್ನಾಭಿಪ್ರಾಯ ಹೊರಬರುವುದು.

ಚೀಟಿಯನ್ನೂ ಬದಲಾಯಿಸಿದೆವು. "ಅರ್ಹರಲ್ಲ" ಅನ್ನುವ ಒಂದೇ ಪದದ ಬದಲು ನಡೆದದ್ದು ಎಷ್ಟು, ಬಂದದ್ದು ಎಷ್ಟು, ವೈದ್ಯರ ಪತ್ರಕ್ಕೆ ಕಳೆದದ್ದು ಎಷ್ಟು, ಯಾವ ದಿನಾಂಕದ ನಿಯಮದಂತೆ ಲೆಕ್ಕ ಹಾಕಿದ್ದು, ಇಷ್ಟನ್ನೂ ಅಚ್ಚು ಹಾಕಿಸಿದೆವು. ಮೊದಲ ವರ್ಷ ಕಚೇರಿಗೆ ಬಂದು ತಕರಾರು ಹೇಳಿದವರು ಜಾಸ್ತಿಯೇ ಆದರು. ಕಚೇರಿಯವರಿಗೆ ಬೇಸರ. ನನಗೆ ಸಂತೋಷ, ಯಾಕೆಂದರೆ ಅವರೆಲ್ಲ ಸಂಖ್ಯೆ ಹಿಡಿದುಕೊಂಡು ಬಂದಿದ್ದರು.

ಆ ಹುಡುಗಿ? ಪರೀಕ್ಷೆ ಬರೆದಳು.

ಇಲ್ಲಿಗೆ ನನ್ನ ಹತ್ತು ನಿಮಿಷ ಹೆಚ್ಚುಕಡಿಮೆ ಮುಗಿದಿತ್ತು. ಒಂದು ಮಾತು ಮಾತ್ರ ಹೇಳದೆ ಇಳಿಯಲು ಮನಸ್ಸಾಗಲಿಲ್ಲ. ಬರೆದಿಟ್ಟ ಮಾತ್ರಕ್ಕೆ ನಿಯಮ ಒಳ್ಳೆಯದಾಗುವುದಿಲ್ಲ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ಪ್ರವೇಶದ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಸೋಸಲು ಒಂದು ಪ್ರೋಗ್ರಾಂ ಇತ್ತು. ಅದನ್ನು ಬರೆದವರು ಅಲ್ಲಿಯವರೇ ಆದ ಒಬ್ಬ ವೈದ್ಯರು. ಆಯ್ಕೆ ಮಾಡುತ್ತಿದ್ದ ಅಧ್ಯಾಪಕರ ಹಳೆಯ ತೀರ್ಮಾನಗಳಿಗೆ ಹೊಂದುವ ಹಾಗೆ ಪ್ರೋಗ್ರಾಂ ಕೊಡುವ ಅಂಕಗಳನ್ನು ತಿದ್ದಿ ತಿದ್ದಿ ಇಟ್ಟಿದ್ದರು. ಮನುಷ್ಯರ ತೀರ್ಮಾನಕ್ಕೂ ಪ್ರೋಗ್ರಾಂನ ತೀರ್ಮಾನಕ್ಕೂ ಶೇಕಡಾ 90ಕ್ಕಿಂತ ಜಾಸ್ತಿ ತಾಳೆ ಇತ್ತು. ಎಲ್ಲರೂ ಮೆಚ್ಚಿದರು. ಆಮೇಲೆ ಅಲ್ಲಿನವರೇ ಇಬ್ಬರು ವೈದ್ಯರು ಅನುಮಾನಪಟ್ಟು ದೂರು ಕೊಟ್ಟರು. ಜನಾಂಗೀಯ ಸಮಾನತೆಯ ಆಯೋಗ ವಿಚಾರಣೆ ಮಾಡಿ 1988ರಲ್ಲಿ ವರದಿ ಕೊಟ್ಟಿತು. ಹೆಣ್ಣುಮಕ್ಕಳಾದರೆ, ಹೆಸರು ಯುರೋಪಿನದಲ್ಲ ಅನ್ನಿಸಿದರೆ, ಅರ್ಜಿ ಹಿಂದೆ ಬೀಳುವ ಹಾಗೆ ಪ್ರೋಗ್ರಾಂನಲ್ಲೇ ಬರೆದಿತ್ತು. ವರ್ಷಕ್ಕೆ 60ರಷ್ಟು ಜನ ಬರೀ ಈ ಕಾರಣಕ್ಕೆ ಸಂದರ್ಶನ ಕಳೆದುಕೊಂಡಿರಬಹುದು ಅಂತ ಅಂದಾಜು ಮಾಡಿದರು.

ಈ ಕಥೆಯನ್ನು ಸಾಮಾನ್ಯವಾಗಿ ಕಂಪ್ಯೂಟರ್ ಹೇಗೆ ಕೆಟ್ಟದ್ದು ಅನ್ನಲು ಹೇಳುತ್ತಾರೆ. ನನಗೆ ಬೇರೆಯೇ ಕಾಣುತ್ತದೆ. ಪ್ರೋಗ್ರಾಂ ತಾನಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಅಧ್ಯಾಪಕರು ಮುಚ್ಚಿದ ಬಾಗಿಲ ಹಿಂದೆ ಮಾಡುತ್ತಿದ್ದದ್ದನ್ನೇ ನಕಲು ಮಾಡಿತ್ತು. ಅವರ ಮನಸ್ಸಿನಲ್ಲಿದ್ದಾಗ ಅದು ಯಾರಿಗೂ ಸಿಕ್ಕಿರಲಿಲ್ಲ. ಸಂಖ್ಯೆಯಾಗಿ ಒಂದು ಕಡೆ ಬರೆದಾಗ ಕೈಗೆ ಸಿಕ್ಕಿತು. ಆ ಆಯೋಗಕ್ಕೆ ಬೆರಳಿಟ್ಟು ತೋರಿಸಲು ಒಂದು ಸಾಲು ಇತ್ತು. ಇನ್ನೊಂದು ವಿಚಿತ್ರ ಏನೆಂದರೆ, ಲಂಡನ್ನಿನ ಬೇರೆ ಬಹುಪಾಲು ವೈದ್ಯಕೀಯ ಕಾಲೇಜುಗಳಿಗಿಂತ ಇಲ್ಲಿಯೇ ಯುರೋಪಿನವರಲ್ಲದ ವಿದ್ಯಾರ್ಥಿಗಳು ಜಾಸ್ತಿ ಇದ್ದರು. ಆ ಬೇರೆ ಕಾಲೇಜುಗಳಲ್ಲಿ ಏನು ನಡೆಯುತ್ತಿತ್ತು ಅಂತ ತೋರಿಸಲು ಇಂಥ ಒಂದು ಸಾಲು ಇರಲಿಲ್ಲ, ಅಷ್ಟೇ.

ಹಳೆಯ ತೀರ್ಮಾನಗಳಿಂದ ತಾನೇ ಕಲಿಯುವ ಈಗಿನ ವ್ಯವಸ್ಥೆಗಳ ಬಗ್ಗೆ ನನಗಿರುವ ಅಳುಕು ಇದೇ. ಕಲಿತದ್ದು ಸಾವಿರಾರು ಸಣ್ಣ ಸಂಖ್ಯೆಗಳಲ್ಲಿ ಹರಡಿಕೊಂಡಿರುತ್ತದೆ. ಬೆರಳಿಡಲು ಸಾಲು ಸಿಗುವುದಿಲ್ಲ. ಬರೆದ ನಿಯಮ ಆಗಲ್ಲ, ಅಷ್ಟು ಸಂಕೀರ್ಣ ಅನ್ನುವ ಕಡೆ ಅವು ಬೇಕಾಗಬಹುದು. ಹಾಜರಾತಿಯಂಥ, ಭತ್ಯೆಯಂಥ ಲೆಕ್ಕಕ್ಕೆ ಬೇಡವೇ ಬೇಡ. ಅಲ್ಲಿ ನಾವೇ ಕೂತು ನಾಲ್ಕು ಸಾಲು ಬರೆಯಲು ಸೋಮಾರಿತನ ಮಾಡಿ ಅದನ್ನು ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ.

ಭಾಷಣ ಮುಗಿಸುವ ಮೊದಲು ಹೊಸ ನಿಯಮ ಕೋಡ್‌ನಲ್ಲಿ ಎಷ್ಟು ಚಿಕ್ಕದಾಯಿತು ನೋಡಿ ಅಂತ ಪರದೆಯ ಮೇಲೆ ಒಂದು ಸಾಲು ತೋರಿಸಿದ್ದೆ. ಸ್ವಲ್ಪ ಜಂಬವೂ ಇತ್ತು.

```
eligible = 100 * present >= 75 * (held - medical)
```

present ಅಂದರೆ ಬಂದದ್ದು, held ಅಂದರೆ ನಡೆದದ್ದು, medical ಅಂದರೆ ವೈದ್ಯರ ಪತ್ರ ಇರುವ ತರಗತಿ. ಎಡಗಡೆಯದ್ದು ಬಲಗಡೆಯದ್ದಕ್ಕೆ ಸಮ ಇದ್ದರೆ ಅಥವಾ ದೊಡ್ಡದಿದ್ದರೆ ಅರ್ಹ. ಭಾಗಾಕಾರವೇ ಇಲ್ಲ. ಹಾಗಾಗಿ ದಶಮಾಂಶದ ತಲೆನೋವೂ ಇಲ್ಲ. ಆ ಹುಡುಗಿಯದ್ದಾದರೆ ಎಡಗಡೆ 10,000. ಬಲಗಡೆ 137ರಲ್ಲಿ 6 ಕಳೆದು 131, ಅದನ್ನು 75ರಿಂದ ಗುಣಿಸಿದರೆ 9,825. ಎಡ ದೊಡ್ಡದು, ಅರ್ಹಳು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿದ. ಅವನು ಅಲ್ಲಿಯವರೆಗೆ ಫೋನ್ ನೋಡುತ್ತಿದ್ದ ಅಂತ ನನಗೆ ಖಾತ್ರಿ. "ಸರ್, ಇಡೀ ಸೆಮಿಸ್ಟರ್ ಕಾಯಿಲೆ ಬಿದ್ದು ಎಲ್ಲಕ್ಕೂ ವೈದ್ಯರ ಪತ್ರ ಕೊಟ್ಟರೆ?"

ಲೆಕ್ಕ ಹಾಕಿ ನೋಡಿ. ಬಂದದ್ದು ಸೊನ್ನೆ. ನಡೆದದ್ದರಲ್ಲಿ ಕಾಯಿಲೆ ಕಳೆದರೆ ಸೊನ್ನೆ. ಸೊನ್ನೆ ಸೊನ್ನೆಗೆ ಸಮ. ಅರ್ಹ! ಒಂದೇ ಒಂದು ದಿನ ಕಾಲೇಜಿನ ಮುಖ ನೋಡದವನು ಪರೀಕ್ಷೆಗೆ ಅರ್ಹ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಹೊಟ್ಟೆಯಲ್ಲಿ ಸಣ್ಣಗೆ ಚುಳ್ ಅಂದಿತು. ಭಾಗಾಕಾರ ಇದ್ದಿದ್ದರೆ ಸೊನ್ನೆಯಿಂದ ಭಾಗಿಸಲು ಆಗದೆ ಪ್ರೋಗ್ರಾಂ ಅಲ್ಲೇ ನಿಂತು ಕೂಗಿಕೊಳ್ಳುತ್ತಿತ್ತು. ನನ್ನ ಜಾಣತನ ಆ ಕೂಗನ್ನೂ ಅಡಗಿಸಿತ್ತು. ನಮ್ಮ ಹತ್ತು ಕಾಲ್ಪನಿಕ ವಿದ್ಯಾರ್ಥಿಗಳಲ್ಲಿ ಇಂಥವನು ಇರಲಿಲ್ಲ. ವೈದ್ಯರ ಪತ್ರಕ್ಕೆ ಎಷ್ಟು ತರಗತಿಯವರೆಗೆ ಬೆಲೆ ಅಂತ ನಿಯಮದಲ್ಲೂ ಬರೆದಿರಲಿಲ್ಲ. ಆ ಕಾಲೇಜಿನಲ್ಲಿ ಈ ಸಾಲು ಇನ್ನೂ ಓಡುತ್ತಿದೆ. ಅದೃಷ್ಟಕ್ಕೆ ಇಲ್ಲಿಯವರೆಗೆ ಯಾರೂ ಅಷ್ಟು ಕಾಯಿಲೆ ಬಿದ್ದಿಲ್ಲ.

"ಹನ್ನೊಂದನೆಯ ವಿದ್ಯಾರ್ಥಿ ನೀನೇ," ಅಂದೆ. ಅವತ್ತು ರಾತ್ರಿಯೇ ಆ ಕಾಲೇಜಿಗೆ ಬರೆದೆ.

ವೇದಿಕೆಯಿಂದ ಇಳಿದಾಗ ಒಬ್ಬ ಹೆಂಗಸು ಕಾಯುತ್ತಿದ್ದರು. ಅಲ್ಲಿನ ಕಚೇರಿಯಲ್ಲಿ ಹಾಜರಿ ಪುಸ್ತಕಗಳನ್ನು ನೋಡಿಕೊಳ್ಳುವವರು. ಕೈಯಲ್ಲಿ ಒಂದು ಉದ್ದನೆಯ ಪುಸ್ತಕ, ಅದನ್ನು ಭಾಷಣದ ನಡುವೆಯೇ ಹೋಗಿ ತಂದಿರಬೇಕು. "ಸರ್, ನೀವು ಖಾಲಿ ಅಂದರಲ್ಲ, ಇದನ್ನು ಒಂಚೂರು ನೋಡಿ," ಅಂತ ಒಂದು ಪುಟ ತೆರೆದರು. ಒಂದು ಅಂಕಣದಲ್ಲಿ ಮೇಲಿಂದ ಕೆಳಗೆ ಸಣ್ಣ ಅಡ್ಡಗೆರೆ. ಇನ್ನೊಂದು ಅಂಕಣ ಪೂರ್ತಿ ಖಾಲಿ.

"ಗೆರೆ ಎಳೆದರೆ ಕ್ಲಾಸ್ ನಡೆದಿಲ್ಲ ಅಂತ. ಖಾಲಿ ಬಿಟ್ಟರೆ ನಡೆದಿದೆ, ಮೇಷ್ಟ್ರು ಹಾಜರಿ ಹಾಕಲು ಮರೆತಿದ್ದಾರೆ ಅಂತ. ನಾನು ಕೇಳಿ ತುಂಬಿಸಿಕೊಳ್ಳುತ್ತೇನೆ. ಮುಂದಿನ ವರ್ಷದಿಂದ ನಮ್ಮಲ್ಲೂ ಕಂಪ್ಯೂಟರ್ ಬರುತ್ತಂತೆ. ಅದಕ್ಕೆ ಇದು ಗೊತ್ತಾಗುತ್ತಾ ಸರ್?"

"ಇದನ್ನು ಎಲ್ಲಾದರೂ ಬರೆದಿದ್ದಾರಾ ಮೇಡಂ?"

"ಬರೆಯೋದೇನು, ನನಗೆ ಗೊತ್ತಲ್ಲ."

ಕಾರ್ಯಕ್ರಮದ ಆಹ್ವಾನ ಪತ್ರಿಕೆಯ ಹಿಂಬದಿ ಖಾಲಿ ಇತ್ತು. ಅದನ್ನೇ ಕೊಟ್ಟು, ಈಗ ಹೇಳಿದ್ದನ್ನು ಬರೆಯಿರಿ ಅಂದೆ. ಕುರ್ಚಿಯ ಮೇಲೆ ಪುಸ್ತಕ ಇಟ್ಟು, ಅದರ ಮೇಲೆ ಪತ್ರಿಕೆ ಇಟ್ಟು ದುಂಡಗಿನ ಅಕ್ಷರದಲ್ಲಿ ಬರೆದರು. ಗೆರೆ ಇದ್ದರೆ ತರಗತಿ ನಡೆದಿಲ್ಲ. ಖಾಲಿ ಇದ್ದರೆ ಮೇಷ್ಟ್ರನ್ನು ಕೇಳಬೇಕು. ಮೂರನೆಯ ಸಾಲಿಗೆ ಪೆನ್ನು ಇಟ್ಟವರು ಅಲ್ಲೇ ನಿಂತರು.

"ಸರ್, ಮೇಷ್ಟ್ರಿಗೂ ನೆನಪಿಲ್ಲ ಅಂದರೆ ನಾನು ಹುಡುಗರ ಮುಖ ನೋಡಿ ಹಾಕಿಬಿಡುತ್ತೇನೆ. ಅದನ್ನು ಹೇಗೆ ಬರೆಯೋದು?"